‘ಈಗ ಕನ್ನಡದಲ್ಲಿ’: ಅಪ್‌ಡೇಟ್‌ನ ನಾಲ್ಕು ಸಾಲು ಏನು ಹೇಳಬೇಕು?

2018ರ ಫೆಬ್ರವರಿಯಲ್ಲಿ ಐಫೋನ್ ಬಳಸುವವರಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ತೆಲುಗಿನ ಒಂದೇ ಒಂದು ಅಕ್ಷರ, ನಮ್ಮ ಲಿಪಿಯಲ್ಲಿ ಬರೆದರೆ ‘ಜ್ಞಾ’, ಸಂದೇಶದಲ್ಲಿ ಬಂದರೆ ಸಾಕು, ಅದನ್ನು ತೋರಿಸಲು ಹೊರಟ ಆ್ಯಪ್ ಅಲ್ಲೇ ಕುಸಿದು ಮುಚ್ಚಿಹೋಗುತ್ತಿತ್ತು. ಮತ್ತೆ ತೆರೆದರೆ ಅದೇ ಸಂದೇಶ ಎದುರಾಗಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎರಡು ವ್ಯಂಜನ ಕೂಡಿ ಒತ್ತಕ್ಷರವಾಗಿ, ಅದರ ಮೇಲೆ ಸ್ವರಚಿಹ್ನೆ ಕೂತು, ನಡುವೆ ಕಣ್ಣಿಗೆ ಕಾಣದ, ಜೋಡಣೆ ತಡೆಯುವ ಒಂದು ಸಂಕೇತವೂ ಸೇರಿದಾಗ, ಅಕ್ಷರ ಬಿಡಿಸುವ ತಂತ್ರಾಂಶಕ್ಕೆ ದಾರಿ ತಪ್ಪುತ್ತಿತ್ತು. ಫೆಬ್ರವರಿ 19ರಂದು ಆ್ಯಪಲ್ ಸಂಸ್ಥೆ iOS 11.2.6 ಎಂಬ ಅಪ್‌ಡೇಟ್ ಬಿಟ್ಟಿತು. ಕೆಲವು ಅಕ್ಷರಗಳ ಜೋಡಣೆಯಿಂದ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ ಎಂಬ ಅರ್ಥದ ಒಂದು ಸಾಲು ಅದರ ಜೊತೆಗಿತ್ತು.

ಆ ಸಾಲು ಚಿಕ್ಕದಾದರೂ ಅದರಲ್ಲಿ ಮುಖ್ಯವಾದ ಎರಡು ಸಂಗತಿಗಳಿದ್ದವು. ಏನಾಗುತ್ತಿತ್ತು ಎಂಬುದಿತ್ತು, ಯಾವಾಗ ಆಗುತ್ತಿತ್ತು ಎಂಬುದೂ ಇತ್ತು. ಯಾವ ಅಕ್ಷರ ಎಂದು ಹೇಳಿರಲಿಲ್ಲ. ಹೇಳಿದ್ದರೆ ಅಪ್‌ಡೇಟ್ ಮಾಡದವರ ಫೋನಿಗೆ ಅದನ್ನೇ ಕಳಿಸಿ ಕಾಡಲು ದಾರಿಯಾಗುತ್ತಿತ್ತು. ಹೀಗೆ ಅಪ್‌ಡೇಟ್ ಜೊತೆ ಬರುವ ಬರಹಕ್ಕೆ ಬಿಡುಗಡೆ ಟಿಪ್ಪಣಿ ಎನ್ನಬಹುದು. ಪ್ಲೇ ಸ್ಟೋರ್‌ನಲ್ಲಿ What's new ಎಂಬ ತಲೆಬರಹದ ಕೆಳಗೆ ಕಾಣುವುದು ಇದೇ.

ನಮ್ಮಲ್ಲಿ ಹೆಚ್ಚಿನವರು ಅದನ್ನು ಓದುವುದಿಲ್ಲ. ಅದಕ್ಕೆ ಕಾರಣವೂ ಇದೆ. ಬಹುಪಾಲು ಟಿಪ್ಪಣಿಗಳಲ್ಲಿ ‘ದೋಷ ಪರಿಹಾರ ಮತ್ತು ಕಾರ್ಯಕ್ಷಮತೆಯ ಸುಧಾರಣೆ’ ಎಂಬ ಒಂದೇ ಮಾತು ತಿಂಗಳು ತಿಂಗಳೂ ಬರುತ್ತಿರುತ್ತದೆ. ಆದರೆ ಒಂದು ಆ್ಯಪ್ ಮೊದಲ ಬಾರಿ ಕನ್ನಡದಲ್ಲಿ ಬರುವಾಗ, ಜೊತೆಗೆ ತಾನಾಗಿ ಮುಚ್ಚಿಹೋಗುವ ಕಾಟವೂ ಸರಿಹೋದಾಗ, ಆ ಟಿಪ್ಪಣಿಯನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಜನರ ಲೆಕ್ಕ, ಫೋಟೋ, ದಾಖಲೆ ಉಳಿಯುವುದೂ ಅಳಿಯುವುದೂ ನಿಂತಿರಬಹುದು. ಅದು ಹೇಗೆಂದು ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ.

ಉದ್ರಿ ಲೆಕ್ಕದ ಆ್ಯಪ್

ವಿವರಣೆಗೆಂದು ಒಂದು ಆ್ಯಪ್ ಕಲ್ಪಿಸಿಕೊಳ್ಳಿ. ಕಿರಾಣಿ ಅಂಗಡಿಯವರು ಉದ್ರಿ ಬರೆದುಕೊಳ್ಳುವ ಆ್ಯಪ್ ಅದು. ಯಾರಿಗೆ ಎಷ್ಟು ಸಾಮಾನು ಕೊಟ್ಟೆವು, ಯಾರಿಂದ ಎಷ್ಟು ಬಂತು, ತಿಂಗಳ ಕೊನೆಗೆ ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಇದುವರೆಗೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ತಿಪಟೂರಿನ ಒಬ್ಬ ಅಂಗಡಿಯವರು ಎರಡು ವರ್ಷದಿಂದ ಅದನ್ನೇ ಬಳಸುತ್ತಿದ್ದಾರೆ ಎಂದುಕೊಳ್ಳಿ. ಹಳೆಯ ಉದ್ರಿ ಪುಸ್ತಕ ಈಗ ಇಲ್ಲ, ಲೆಕ್ಕವೆಲ್ಲ ಫೋನಿನಲ್ಲೇ ಇದೆ.

ಒಂದು ದಿನ ಮಗಳು ಬಂದು, ‘ಅಪ್ಪ, ಅಮ್ಮನೂ ಅಂಗಡೀಲಿ ಕೂತಾಗ ನೋಡ್ಕೋಬೇಕಲ್ಲ, ಕನ್ನಡ ಹಾಕಿಕೊಡ್ತೀನಿ’ ಎಂದು ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುತ್ತಾಳೆ. ಆಂಡ್ರಾಯ್ಡ್ ಫೋನುಗಳ ಮೂಲ ತಂತ್ರಾಂಶದಲ್ಲೇ ಕನ್ನಡ ಸೇರಿದ್ದು 2014ರ ಆಂಡ್ರಾಯ್ಡ್ 5.0 ಆವೃತ್ತಿಯಿಂದ. ಹಾಗಾಗಿ ಫೋನಿನ ಮೆನು, ದಿನಾಂಕ, ತಿಂಗಳ ಹೆಸರು ಎಲ್ಲ ಕನ್ನಡವಾಗುತ್ತವೆ. ಉದ್ರಿ ಆ್ಯಪ್ ಮಾತ್ರ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಏಕೆಂದರೆ ಅದಕ್ಕೆ ಕನ್ನಡ ಗೊತ್ತಿಲ್ಲ. ಮರುದಿನ ಅಂಗಡಿಯವರು ತಿಂಗಳ ಲೆಕ್ಕ ನೋಡಲು ಒತ್ತುತ್ತಾರೆ. ಪರದೆ ಒಮ್ಮೆ ಬಿಳಿಯಾಗಿ ಆ್ಯಪ್ ಮಾಯವಾಗುತ್ತದೆ. ಮತ್ತೆ ತೆರೆದು ಒತ್ತಿದರೆ ಮತ್ತೆ ಮಾಯ.

ಇದನ್ನು ನಮ್ಮ ಜನ ‘ಆ್ಯಪ್ ಹ್ಯಾಂಗ್ ಆಯ್ತು’ ಅನ್ನುತ್ತಾರೆ. ಆದರೆ ಹ್ಯಾಂಗ್ ಬೇರೆ, ಕ್ರ್ಯಾಶ್ ಬೇರೆ. ಹ್ಯಾಂಗ್ ಆದರೆ ಪರದೆ ಕಣ್ಣೆದುರೇ ಇರುತ್ತದೆ, ಒತ್ತಿದ್ದಕ್ಕೆ ಉತ್ತರ ಬರುವುದಿಲ್ಲ. ಸುಮಾರು ಐದು ಸೆಕೆಂಡ್ ಹಾಗೇ ಇದ್ದರೆ, ಆ್ಯಪ್ ಸ್ಪಂದಿಸುತ್ತಿಲ್ಲ, ಕಾಯುತ್ತೀರಾ ಮುಚ್ಚುತ್ತೀರಾ ಎಂದು ಆಂಡ್ರಾಯ್ಡ್ ಕೇಳುತ್ತದೆ. ಕ್ರ್ಯಾಶ್ ಆದರೆ ಕಾಯುವ ಮಾತೇ ಇಲ್ಲ. ತಾನು ನಿರೀಕ್ಷಿಸದ ಯಾವುದೋ ಒಂದು ಎದುರಾಗಿ ಆ್ಯಪ್‌ನ ಕೆಲಸ ಅಲ್ಲಿಗೇ ಕಡಿದುಹೋಗುತ್ತದೆ. ದೂರು ಕೊಡುವಾಗ ಈ ವ್ಯತ್ಯಾಸ ಹೇಳಿದರೆ ತಯಾರಕರಿಗೆ ಅರ್ಧ ಹುಡುಕಾಟ ಉಳಿಯುತ್ತದೆ.

ಮುಚ್ಚಿಹೋಗಿದ್ದು ಏಕೆ?

ಆ್ಯಪ್ ಕುಸಿದಾಗ ಅದರ ಕೊನೆಯ ಕ್ಷಣದ ವರದಿಯೊಂದು ದಾಖಲಾಗುತ್ತದೆ. ಬಳಕೆದಾರರು ಒಪ್ಪಿಗೆ ಕೊಟ್ಟಿದ್ದರೆ ಅದು ತಯಾರಕರಿಗೂ ತಲುಪುತ್ತದೆ. ನಮ್ಮ ಅಂಗಡಿಯವರ ಫೋನಿನ ವರದಿಯ ಮೊದಲ ಸಾಲು ಹೀಗಿರುತ್ತದೆ:

```
java.time.format.DateTimeParseException:
Text '15 Aug 2024' could not be parsed at index 3
```

ಇದರ ಅರ್ಥ ಸರಳ. ‘15 Aug 2024’ ಎಂಬುದನ್ನು ದಿನಾಂಕವೆಂದು ಓದಲು ಹೋದೆ, ಸೊನ್ನೆಯಿಂದ ಎಣಿಸಿದರೆ 3ನೆಯ ಜಾಗದಲ್ಲಿ, ಅಂದರೆ A ಅಕ್ಷರದ ಹತ್ತಿರ, ಮುಗ್ಗರಿಸಿದೆ ಎನ್ನುತ್ತಿದೆ ಆ್ಯಪ್. ಉದ್ರಿ ಬರೆದ ದಿನಗಳನ್ನು ಆ್ಯಪ್ ಮೊದಲಿನಿಂದಲೂ ಹೀಗೆ ಇಂಗ್ಲಿಷ್ ತಿಂಗಳ ಹೆಸರಿನ ಸಮೇತ ಬರೆದಿಟ್ಟಿತ್ತು. ಬರೆಯುವಾಗಲೂ ಓದುವಾಗಲೂ ‘ಫೋನಿನ ಭಾಷೆಯಲ್ಲಿ ತಿಂಗಳ ಹೆಸರೇನೋ ಅದನ್ನು ಬಳಸು’ ಎಂದು ಅದಕ್ಕೆ ಹೇಳಿಕೊಟ್ಟಿದ್ದರು. ಫೋನು ಇಂಗ್ಲಿಷಿನಲ್ಲಿದ್ದಷ್ಟು ದಿನ ಎರಡೂ ಹೊಂದುತ್ತಿದ್ದವು. ಫೋನು ಕನ್ನಡವಾದ ಮೇಲೆ ಆ್ಯಪ್‌ನ ಕೈಯಲ್ಲಿರುವುದು ಜನವರಿ, ಫೆಬ್ರವರಿ ಎಂಬ ಕನ್ನಡ ಹೆಸರುಗಳ ಪಟ್ಟಿ. ಅದರಲ್ಲಿ Aug ಇಲ್ಲ. ಸಿಗದಿದ್ದರೆ ಏನು ಮಾಡಬೇಕೆಂದು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಆ್ಯಪ್ ಕುಸಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಲೆಕ್ಕ ಎಲ್ಲೂ ಹೋಗಿಲ್ಲ. ಎರಡು ವರ್ಷದ ಉದ್ರಿ ಫೋನಿನೊಳಗೆ ಭದ್ರವಾಗಿಯೇ ಇದೆ, ಓದಲು ಬರುತ್ತಿಲ್ಲ ಅಷ್ಟೆ. ಆದರೆ ಅಂಗಡಿಯವರಿಗೆ ಅದು ಗೊತ್ತಾಗುವುದು ಹೇಗೆ? ಪಕ್ಕದ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಬರುವ ಮೊದಲ ಸಲಹೆಯೇ ‘ತೆಗೆದು ಮತ್ತೆ ಹಾಕ್ಕೊಳ್ಳಿ’ ಎಂಬುದು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆಗೆದರೆ ಅದು ಫೋನಿನೊಳಗೆ ತನಗಾಗಿ ಇಟ್ಟುಕೊಂಡಿದ್ದ ದತ್ತಾಂಶವೂ ಅಳಿಸಿಹೋಗುತ್ತದೆ. ಬ್ಯಾಕಪ್ ಇದ್ದವರು ಬಚಾವಾದಾರು. ಇಲ್ಲದವರ ಲೆಕ್ಕ, ತಯಾರಕರ ತಪ್ಪಿನಿಂದ ಅಲ್ಲ, ಆ ತಪ್ಪಿನಿಂದ ಪಾರಾಗಲು ಹೊರಟ ಪ್ರಯತ್ನದಿಂದ ಇಲ್ಲವಾಗುತ್ತದೆ. ಒಳ್ಳೆಯ ಬಿಡುಗಡೆ ಟಿಪ್ಪಣಿ ತಡೆಯಬೇಕಾದದ್ದು ಮೊದಲು ಇದನ್ನೇ.

ದೋಷ ಸರಿಪಡಿಸುವ ಕೆಲಸ ದೊಡ್ಡದಲ್ಲ. ದಿನಾಂಕವನ್ನು ಯಾವ ಭಾಷೆಗೂ ಸೇರದಂತೆ 2024-08-15 ಎಂದು ಬರೀ ಅಂಕಿಗಳಲ್ಲಿ ಬರೆದಿಡಬೇಕು, ಪರದೆಯ ಮೇಲೆ ತೋರಿಸುವಾಗ ಮಾತ್ರ ‘15 ಆಗಸ್ಟ್’ ಮಾಡಬೇಕು. ಹಿಂದೆ ಬರೆದಿಟ್ಟ ದಿನಾಂಕಗಳನ್ನು ಒಮ್ಮೆ ಹೊಸ ರೂಪಕ್ಕೆ ತರಬೇಕು. ಇಲ್ಲಿ ಒಂದು ಮರೆವು ಆಗುವುದುಂಟು. ಮೊದಲಿನಿಂದಲೇ ಫೋನನ್ನು ಕನ್ನಡದಲ್ಲಿಟ್ಟುಕೊಂಡಿದ್ದವರ ಲೆಕ್ಕದಲ್ಲಿ ತಿಂಗಳ ಹೆಸರೂ ಕನ್ನಡದಲ್ಲೇ ದಾಖಲಾಗಿರುತ್ತದೆ. ಇಂಗ್ಲಿಷ್ ತಿಂಗಳುಗಳನ್ನಷ್ಟೇ ಪರಿವರ್ತಿಸಿದರೆ, ಇಷ್ಟು ದಿನ ಏನೂ ತೊಂದರೆಯಿಲ್ಲದೆ ನಡೆಸಿಕೊಂಡು ಬಂದವರ ಆ್ಯಪ್ ಅಪ್‌ಡೇಟ್ ಆದ ದಿನ ಕುಸಿಯುತ್ತದೆ. ಎರಡು ಬಗೆಯವನ್ನೂ ಓದಿಸಿ, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಫೋನು ಬದಲಿಸಿ ನೋಡಿದ ಮೇಲೆಯೇ ‘ಸರಿಯಾಗಿದೆ’ ಎಂದು ಬರೆಯಬೇಕು.

ಸರಾಸರಿಯೊಳಗೆ ಅಡಗುವ ಕಷ್ಟ

ಈ ದೋಷ ಇಷ್ಟು ದಿನ ತಯಾರಕರ ಕಣ್ಣಿಗೆ ಬೀಳಲಿಲ್ಲವೇಕೆ? ಉತ್ತರ ಲೆಕ್ಕದಲ್ಲೇ ಇದೆ. ಪ್ಲೇ ಸ್ಟೋರ್‌ಗೆ ಒಂದು ಅಳತೆಗೋಲಿದೆ. ದಿನನಿತ್ಯ ಆ್ಯಪ್ ಬಳಸುವವರಲ್ಲಿ 1.09%ಗಿಂತ ಹೆಚ್ಚು ಜನರಿಗೆ ಕಣ್ಣೆದುರೇ ಕ್ರ್ಯಾಶ್ ಆಗುತ್ತಿದ್ದರೆ ಅದನ್ನು ಕೆಟ್ಟ ನಡವಳಿಕೆ ಎಂದು ಪರಿಗಣಿಸುತ್ತದೆ. ಅಂಥ ಆ್ಯಪ್ ಹುಡುಕಾಟದಲ್ಲಿ ಹಿಂದೆ ಬೀಳಬಹುದು. ಆದ್ದರಿಂದ ತಯಾರಕರು ಈ ಅಂಕಿಯ ಮೇಲೆ ಕಣ್ಣಿಟ್ಟಿರುತ್ತಾರೆ.

ಈಗ ನಮ್ಮ ಉದ್ರಿ ಆ್ಯಪ್‌ಗೆ ದೇಶದಾದ್ಯಂತ ಬಳಕೆದಾರರಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಫೋನನ್ನು ಕನ್ನಡದಲ್ಲಿಟ್ಟವರು ನೂರಕ್ಕೆ ಇಬ್ಬರು. ಆ ಇಬ್ಬರಲ್ಲಿ ಒಬ್ಬರಿಗೆ ಆ್ಯಪ್ ಕುಸಿಯುತ್ತಿದೆ. ಕನ್ನಡದವರ ಪಾಲಿಗೆ ಅರ್ಧಕ್ಕರ್ಧ ಜನರಿಗೆ ಆ್ಯಪ್ ಕೆಲಸಕ್ಕೆ ಬಾರದಾಗಿದೆ. ಒಟ್ಟು ಲೆಕ್ಕದಲ್ಲಿ ಅದು 1% ಮಾತ್ರ, ಗೆರೆಯ ಕೆಳಗೇ ಉಳಿಯಿತು. ಫಲಕದ ಮೇಲೆ ಎಚ್ಚರಿಕೆ ಬರುವುದೇ ಇಲ್ಲ. ಕ್ರ್ಯಾಶ್ ವರದಿಗಳನ್ನು ಭಾಷೆಯ ಪ್ರಕಾರ ಬೇರ್ಪಡಿಸಿ ನೋಡಿದಾಗ ಮಾತ್ರ ಇದು ಕಾಣುತ್ತದೆ. ಕನ್ನಡ ಸೇರಿಸುವ ಕೆಲಸ ಶುರುವಾದ ಮೇಲೆ, ಪರೀಕ್ಷಿಸುವವರು ಮೊದಲ ಬಾರಿ ತಮ್ಮ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗಲೇ ಹಳೆಯ ದೋಷ ಬೆಳಕಿಗೆ ಬರುವುದು ಇದರಿಂದಲೇ. ಟಿಪ್ಪಣಿಯಲ್ಲಿ ‘ಕನ್ನಡ ಬಂದಿದೆ’, ‘ಕ್ರ್ಯಾಶ್ ಸರಿಯಾಗಿದೆ’ ಎಂದು ಬೇರೆ ಬೇರೆ ಸಾಲಾಗಿ ಕಾಣುವ ಎರಡು ಸುದ್ದಿಗಳು ಎಷ್ಟೋ ಸಲ ಒಂದೇ ಕೆಲಸದ ಎರಡು ಮುಖಗಳಾಗಿರುತ್ತವೆ.

ಭಾಷೆ ಬರುವಾಗ ತರುವ ಹೊಸ ತೊಡಕು

ಹಳೆಯ ದೋಷ ಹೋಯಿತು ಅನ್ನುವಷ್ಟರಲ್ಲಿ ಅನುವಾದವೇ ಹೊಸ ದೋಷ ತರಬಹುದು. ಆ್ಯಪ್‌ನ ವಾಕ್ಯಗಳಲ್ಲಿ ಹೆಸರು, ಮೊತ್ತಗಳಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ದುಡ್ಡು ಬಂದಾಗ ತೋರಿಸುವ ಸಾಲು ಇಂಗ್ಲಿಷಿನಲ್ಲಿ ಹೀಗಿದೆ ಎನ್ನೋಣ:

```
Received ₹%1$d from %2$s
```

ಇದರಲ್ಲಿ %1$d ಎಂದರೆ ಆ್ಯಪ್ ಕೊಡುವ ಮೊದಲನೆಯ ಮಾಹಿತಿ, ಅದು ಅಂಕಿ. %2$s ಎಂದರೆ ಎರಡನೆಯ ಮಾಹಿತಿ, ಅದು ಹೆಸರು. ಕನ್ನಡದಲ್ಲಿ ವಾಕ್ಯದ ನಡಿಗೆಯೇ ಬೇರೆ. ‘ಸುರೇಶ ಅವರಿಂದ ₹500 ಬಂದಿದೆ’ ಎನ್ನುತ್ತೇವೆ, ಹೆಸರು ಮೊದಲು ಬರುತ್ತದೆ. ಆದ್ದರಿಂದ ಸರಿಯಾದ ಅನುವಾದದಲ್ಲಿ 2 ಮೊದಲು, 1 ಆಮೇಲೆ ಬರಬೇಕು. ಅನುವಾದಕರು 1 ಮತ್ತು 2 ಅನ್ನು ವಾಕ್ಯದೊಳಗಿನ ಕ್ರಮಸಂಖ್ಯೆ ಎಂದು ತಿಳಿದು ತಿದ್ದಿಬಿಟ್ಟರೆ ಹೀಗಾಗುತ್ತದೆ:

```
ತಪ್ಪು: %1$s ಅವರಿಂದ ₹%2$d ಬಂದಿದೆ
ಸರಿ:  %2$s ಅವರಿಂದ ₹%1$d ಬಂದಿದೆ
```

ತಪ್ಪು ಸಾಲಿನಲ್ಲಿ ಅಂಕಿ ಬೇಕಾದ ಜಾಗಕ್ಕೆ ‘ಸುರೇಶ’ ಎಂಬ ಹೆಸರು ಹೋಗಿ ಬೀಳುತ್ತದೆ. ಹೆಸರನ್ನು ಅಂಕಿಯಾಗಿ ಬರೆಯಲು ಬಾರದೆ ಆ್ಯಪ್ ಕುಸಿಯುತ್ತದೆ. ಇಂಗ್ಲಿಷ್ ಬಳಸುವ ಯಾರಿಗೂ ಇದು ಎಂದೂ ಆಗುವುದಿಲ್ಲ, ಕನ್ನಡ ಆರಿಸಿಕೊಂಡವರಿಗೆ ಪ್ರತಿ ಬಾರಿಯೂ ಆಗುತ್ತದೆ. ಇದೇ ಸಾಲಿನಲ್ಲಿ %1$d ಎಂಬುದನ್ನು ಕನ್ನಡ ಅಂಕಿಯಲ್ಲಿ ಬರೆದರೂ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಅನುವಾದಕರು ಮುಟ್ಟಬಾರದ ಭಾಗ ಯಾವುದೆಂದು ಅವರಿಗೆ ಮೊದಲೇ ಹೇಳಿರಬೇಕು.

ಕುಸಿಯದೆ ಸುಮ್ಮನೆ ಸುಳ್ಳು ಹೇಳುವ ತಪ್ಪೂ ಒಂದಿದೆ. ಏಕವಚನಕ್ಕೆ ಒಂದು ವಾಕ್ಯ, ಬಹುವಚನಕ್ಕೆ ಇನ್ನೊಂದು ಎಂದು ಆ್ಯಪ್‌ಗಳು ಬರೆದಿಟ್ಟುಕೊಳ್ಳುತ್ತವೆ. ಯಾವ ಸಂಖ್ಯೆಗೆ ಯಾವುದು ಎಂಬ ನಿಯಮ ಪ್ರಪಂಚದ ಭಾಷೆಗಳಿಗೆಲ್ಲ ಸಿದ್ಧಪಡಿಸಿದ CLDR ಎಂಬ ಸಂಗ್ರಹದಿಂದ ಬರುತ್ತದೆ. ಅದರ ಪ್ರಕಾರ ಇಂಗ್ಲಿಷಿನಲ್ಲಿ 1 ಮಾತ್ರ ಏಕವಚನ. ಕನ್ನಡಕ್ಕೆ ಸೊನ್ನೆಯೂ ಏಕವಚನದ ಗುಂಪಿಗೇ ಸೇರುತ್ತದೆ. ಅನುವಾದಕರು ಏಕವಚನದ ಜಾಗದಲ್ಲಿ ‘ಒಬ್ಬ ಗಿರಾಕಿಯಿಂದ ಬಾಕಿ ಇದೆ’ ಎಂದು ಅಕ್ಷರದಲ್ಲಿ ಬರೆದುಬಿಟ್ಟರೆ, ಯಾರಿಂದಲೂ ಬಾಕಿ ಇಲ್ಲದ ದಿನವೂ ಆ್ಯಪ್ ‘ಒಬ್ಬ’ ಎನ್ನುತ್ತದೆ. ಅಲ್ಲಿ ಸಂಖ್ಯೆಯ ಖಾಲಿ ಜಾಗವನ್ನು ಉಳಿಸಿಕೊಳ್ಳಬೇಕು, ಅಥವಾ ಸೊನ್ನೆಗೆ ಬೇರೆಯೇ ವಾಕ್ಯ ಬರೆಯಬೇಕು. ಲೆಕ್ಕದ ಆ್ಯಪ್‌ನಲ್ಲಿ ಇಂಥ ತಪ್ಪು ಕ್ರ್ಯಾಶ್‌ಗಿಂತ ಕಡಿಮೆಯದಲ್ಲ.

ಇವೆರಡನ್ನೂ ತಯಾರಕರು ಕೆಲವೇ ಜನರಿಗೆ ಕೊಟ್ಟು ಪರೀಕ್ಷಿಸಿದಾಗ ಹಿಡಿದು ಸರಿಪಡಿಸಿದರು ಎಂದುಕೊಳ್ಳೋಣ. ಈಗ ಟಿಪ್ಪಣಿ ಬರೆಯುವ ಹೊತ್ತು.

ಐನೂರು ಸಂಕೇತದೊಳಗೆ

ಪ್ಲೇ ಸ್ಟೋರ್‌ನಲ್ಲಿ ಒಂದು ಭಾಷೆಯ ಟಿಪ್ಪಣಿಗೆ ಸಿಗುವ ಜಾಗ 500 ಸಂಕೇತಗಳು. ಕನ್ನಡದಲ್ಲಿ ನಾವು ಒಂದಕ್ಷರ ಎನ್ನುವುದನ್ನು ಯಂತ್ರ ಒಂದೆಂದು ಎಣಿಸುವುದಿಲ್ಲ. ‘ಕ್ಷಿ’ ಎಂಬುದು ಕ, ವಿರಾಮ, ಷ, ಇಕಾರ ಎಂದು ನಾಲ್ಕಾಗುತ್ತದೆ. ‘ಕನ್ನಡ’ ಎಂಬ ಮೂರಕ್ಷರ ಐದಾಗುತ್ತದೆ. ಹಾಗಾಗಿ 500 ಎಂದರೆ ಹೆಚ್ಚೆಂದರೆ ಅರವತ್ತು, ಎಪ್ಪತ್ತು ಕನ್ನಡ ಪದ. ಪೀಠಿಕೆಗೆ, ಹೊಗಳಿಕೆಗೆ ಅದರಲ್ಲಿ ಜಾಗವಿಲ್ಲ.

ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಬಳಕೆದಾರರ ಅನುಭವವನ್ನು ವರ್ಧಿಸಲು ಕನ್ನಡ ಭಾಷಾ ಬೆಂಬಲವನ್ನು ಸೇರಿಸಲಾಗಿದೆ. ಕ್ರ್ಯಾಶ್‌ಗಳನ್ನು ಪರಿಹರಿಸಲಾಗಿದೆ ಹಾಗೂ ಸ್ಥಿರತೆಯನ್ನು ಸುಧಾರಿಸಲಾಗಿದೆ.’ ಇದರಲ್ಲಿ ಸುಳ್ಳಿಲ್ಲ. ಆದರೆ ತಿಪಟೂರಿನ ಅಂಗಡಿಯವರು ಇದನ್ನು ಓದಿ ಏನು ಮಾಡಬೇಕು? ಕನ್ನಡ ಎಲ್ಲಿದೆ ಎಂದು ತಿಳಿಯಲಿಲ್ಲ. ಸರಿಯಾದದ್ದು ತಮ್ಮ ತೊಂದರೆಯೋ ಬೇರೆಯವರದೋ ಗೊತ್ತಾಗಲಿಲ್ಲ. ಆ್ಯಪ್ ಅಳಿಸಬೇಕೋ ಬೇಡವೋ ಎಂಬ ಅವರ ಪ್ರಶ್ನೆಗೆ ಉತ್ತರವೇ ಇಲ್ಲ. ‘ಸ್ಥಿರತೆ’ ಎಂಬ ಪದ ತಯಾರಕರ ಕೋಣೆಯದು. ಅಂಗಡಿಯವರ ಮಾತಿನಲ್ಲಿ ಅದಕ್ಕೆ ‘ತಾನಾಗಿ ಮುಚ್ಚಿಹೋಗುವುದು’ ಎನ್ನುತ್ತಾರೆ.

ತಿದ್ದಿ ಬರೆದದ್ದು ಹೀಗಿರಬಹುದು:

```
ಆ್ಯಪ್ ಈಗ ಕನ್ನಡದಲ್ಲಿದೆ. Settings → Language → ಕನ್ನಡ ಒತ್ತಿ.
ನೀವು ಬರೆದಿಟ್ಟ ಹೆಸರು, ಲೆಕ್ಕ ಯಾವುದೂ ಬದಲಾಗುವುದಿಲ್ಲ.

ಸರಿಪಡಿಸಿದ್ದು: ಫೋನಿನ ಭಾಷೆ ಬದಲಿಸಿದ ಮೇಲೆ ‘ತಿಂಗಳ ಲೆಕ್ಕ’
ತೆರೆದರೆ ಆ್ಯಪ್ ತಾನಾಗಿ ಮುಚ್ಚಿಹೋಗುತ್ತಿತ್ತು. ಈಗ ಹಾಗಾಗುವುದಿಲ್ಲ.
ಈ ತೊಂದರೆ ಇದ್ದವರು ಅಪ್‌ಡೇಟ್ ಮಾಡಿದರೆ ಸಾಕು. ಆ್ಯಪ್ ಅಳಿಸಬೇಡಿ,
ಅಳಿಸಿದರೆ ಫೋನಿನಲ್ಲಿರುವ ಲೆಕ್ಕವೂ ಹೋಗುತ್ತದೆ.

ಇನ್ನೂ ಆಗಿಲ್ಲ: ಗಿರಾಕಿಗೆ ಹೋಗುವ ಎಸ್‌ಎಂಎಸ್ ಇಂಗ್ಲಿಷಿನಲ್ಲೇ ಇದೆ.

ತಪ್ಪು ಕಂಡರೆ: ಸಹಾಯ → ತಪ್ಪು ತಿಳಿಸಿ
```

ಇದು ಸುಮಾರು 400 ಸಂಕೇತ, ಮಿತಿಯೊಳಗೇ ಇದೆ. ಇದರ ಒಂದೊಂದು ಆಯ್ಕೆಗೂ ಕಾರಣವಿದೆ.

ಕನ್ನಡ ಟಿಪ್ಪಣಿಯಲ್ಲಿ Settings, Language ಎಂದು ಇಂಗ್ಲಿಷ್ ಅಕ್ಷರವೇಕೆ? ಕನ್ನಡ ಆರಿಸುವವರೆಗೆ ಪರದೆಯ ಮೇಲೆ ಕಾಣುವುದು ಆ ಪದಗಳೇ. ಅಲ್ಲಿ ‘ಸೆಟ್ಟಿಂಗ್ಸ್‌ಗೆ ಹೋಗಿ’ ಎಂದು ಕನ್ನಡದಲ್ಲಿ ಬರೆದರೆ ಓದಿದವರು ಅದೇ ಅಕ್ಷರಗಳನ್ನು ಪರದೆಯಲ್ಲಿ ಹುಡುಕಿ ಸೋಲುತ್ತಾರೆ. ಭಾಷೆಯ ಪಟ್ಟಿಯಲ್ಲಿ ಮಾತ್ರ Kannada ಎಂದಿರದೆ ‘ಕನ್ನಡ’ ಎಂದೇ ಇರಬೇಕು, ಏಕೆಂದರೆ ಅದನ್ನು ಹುಡುಕುತ್ತಿರುವುದು ಕನ್ನಡ ಓದುವ ಕಣ್ಣು. ಆಮೇಲಿನ ‘ಸಹಾಯ → ತಪ್ಪು ತಿಳಿಸಿ’ ಕನ್ನಡದಲ್ಲಿದೆ. ಅಷ್ಟು ಹೊತ್ತಿಗೆ ಮೆನು ಕನ್ನಡವಾಗಿರುತ್ತದೆ.

ಕ್ರ್ಯಾಶ್‌ನ ಸಾಲು ಬಳಕೆದಾರರು ಏನು ಮಾಡಿದಾಗ ಏನಾಗುತ್ತಿತ್ತು ಎಂದು ಹೇಳುತ್ತದೆ. ದಿನಾಂಕದ ಕಥೆ, ತಿಂಗಳ ಹೆಸರಿನ ಕಥೆ ಅದರಲ್ಲಿಲ್ಲ. ಅಂಗಡಿಯವರು ತಮ್ಮ ತೊಂದರೆಯನ್ನು ಗುರುತಿಸಲು ಅದು ಬೇಕಿಲ್ಲ. ಅನುವಾದದ ತಪ್ಪಿನಿಂದಾದ ಕ್ರ್ಯಾಶ್ ಬಗ್ಗೆಯೂ ಒಂದಕ್ಷರ ಇಲ್ಲ. ಅದು ಪರೀಕ್ಷೆಯಲ್ಲೇ ಸಿಕ್ಕಿ ಸರಿಹೋಯಿತು, ಜನರ ಫೋನಿಗೆ ಬರಲೇ ಇಲ್ಲ. ಓದುವವರು ಅನುಭವಿಸದ ದೋಷವನ್ನು ಸರಿಪಡಿಸಿದೆವು ಎಂದು ಹೇಳಿ ಅವರಲ್ಲಿ ಅನುಮಾನ ಹುಟ್ಟಿಸುವ ಅಗತ್ಯವಿಲ್ಲ.

ಆಗದೇ ಉಳಿದದ್ದನ್ನು ಹೇಳಿದ್ದೂ ಬೇಕೆಂದೇ. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಯುನಿಕೋಡ್ ಎಸ್‌ಎಂಎಸ್‌ನಲ್ಲಿ ಹಿಡಿಯುವುದು 70 ಸಂಕೇತ ಮಾತ್ರ. ಅದೇ ‘ಬಾಕಿ ಕೊಡಿ’ ಸಂದೇಶ ಕನ್ನಡದಲ್ಲಿ ಎರಡು ಮೂರು ಎಸ್‌ಎಂಎಸ್ ಆಗಿ ಖರ್ಚು ಏರುತ್ತದೆ. ಅದನ್ನು ಚಿಕ್ಕದಾಗಿ ಹೊಸದಾಗಿಯೇ ಬರೆಯಬೇಕು, ಆ ಕೆಲಸ ಬಾಕಿ ಇದೆ. ಇದನ್ನು ಮೊದಲೇ ಹೇಳದಿದ್ದರೆ, ಪೂರ್ತಿ ಕನ್ನಡ ಎಂದು ನಂಬಿ ಹಾಕಿಕೊಂಡವರು ಗಿರಾಕಿಗೆ ಇಂಗ್ಲಿಷ್ ಸಂದೇಶ ಹೋದದ್ದು ಕಂಡು, ಉಳಿದ ಕನ್ನಡವನ್ನೂ ನಂಬುವುದಿಲ್ಲ.

ಇಂಗ್ಲಿಷ್ ಟಿಪ್ಪಣಿಯೊಳಗೊಂದು ಕನ್ನಡ ಸಾಲು

ಬರೆದು ಮುಗಿಯಿತು. ಈಗ ಅದನ್ನು ಅಂಗಡಿಗೆ, ಅಂದರೆ ಪ್ಲೇ ಸ್ಟೋರ್‌ಗೆ, ಹಾಕಬೇಕು. ಅಲ್ಲಿ ಒಂದೊಂದು ಭಾಷೆಯ ಬರಹವನ್ನೂ ಅದರ ಗುರುತಿನ ನಡುವೆ ಇಡುತ್ತಾರೆ. ಕನ್ನಡದ ಗುರುತು kn-IN:

```
<en-US>
ಈ ಆ್ಯಪ್ ಈಗ ಕನ್ನಡದಲ್ಲಿ! Settings → Language → ಕನ್ನಡ
...
</en-US>
<kn-IN>
ಆ್ಯಪ್ ಈಗ ಕನ್ನಡದಲ್ಲಿದೆ. ...
</kn-IN>
```

ಇಂಗ್ಲಿಷಿನ ಪಾಲಿನೊಳಗೂ ಒಂದು ಕನ್ನಡ ಸಾಲು ಇರುವುದನ್ನು ಗಮನಿಸಿ. ಇದನ್ನು ಎಷ್ಟೋ ತಯಾರಕರು ಮರೆಯುತ್ತಾರೆ. ಸ್ಟೋರ್ ಯಾವ ಭಾಷೆಯ ಟಿಪ್ಪಣಿ ತೋರಿಸಬೇಕೆಂದು ನಿರ್ಧರಿಸುವುದು ಬಳಕೆದಾರರು ಇಟ್ಟುಕೊಂಡ ಭಾಷೆಯನ್ನು ನೋಡಿ. ಕನ್ನಡ ಚೆನ್ನಾಗಿ ಓದಬಲ್ಲವರಲ್ಲೂ ಫೋನನ್ನು ಕೊಂಡಾಗ ಬಂದ ಇಂಗ್ಲಿಷಿನಲ್ಲೇ ಬಿಟ್ಟವರು ಬಹಳ. ಕನ್ನಡ ಬಂದಿದೆ ಎಂಬ ಸುದ್ದಿ kn-IN ಒಳಗೆ ಮಾತ್ರ ಇದ್ದರೆ, ಅದು ಯಾರಿಗೆ ಅತ್ಯಗತ್ಯವೋ ಅವರ ಕಣ್ಣಿಗೇ ಬೀಳುವುದಿಲ್ಲ. ಇಂಗ್ಲಿಷ್ ಟಿಪ್ಪಣಿಯ ತುದಿಯಲ್ಲಿ ಕನ್ನಡ ಅಕ್ಷರ ಕಂಡರೆ ಕಣ್ಣು ತಾನಾಗಿ ನಿಲ್ಲುತ್ತದೆ.

ಸುದ್ದಿ ಕಂಡು ಕನ್ನಡ ಒತ್ತಿದರೂ ಆ್ಯಪ್ ಇಂಗ್ಲಿಷಿನಲ್ಲೇ ನಿಂತರೆ? ಅದಕ್ಕೂ ಒಂದು ಗೊತ್ತಾದ ಕಾರಣವಿದೆ. ಡೌನ್‌ಲೋಡ್ ಹಗುರಾಗಲೆಂದು ಪ್ಲೇ ಸ್ಟೋರ್, ಫೋನಿನಲ್ಲಿ ಇರುವ ಭಾಷೆಗಳ ಬರಹವನ್ನಷ್ಟೇ ಇಳಿಸುತ್ತದೆ. ಫೋನು ಇಂಗ್ಲಿಷಿನಲ್ಲಿದ್ದರೆ ಆ್ಯಪ್‌ನ ಕನ್ನಡ ಭಾಗ ಫೋನಿಗೆ ಬಂದೇ ಇರುವುದಿಲ್ಲ. ಆ್ಯಪ್ ಒಳಗೇ ಭಾಷೆ ಆರಿಸುವ ವ್ಯವಸ್ಥೆ ಮಾಡಿದ ತಯಾರಕರು, ಭಾಷೆಯ ಪ್ರಕಾರ ತುಂಡರಿಸಬೇಡ ಎಂದು ಮೊದಲೇ ಹೇಳಿರಬೇಕು, ಇಲ್ಲವೇ ಆರಿಸಿದಾಗ ಇಳಿಸಿಕೊಳ್ಳುವಂತೆ ಮಾಡಿರಬೇಕು. ತಯಾರಕರ ಸ್ವಂತ ಫೋನಿಗೆ ಎಲ್ಲ ಭಾಷೆಗಳೂ ನೇರವಾಗಿ ಹೋಗಿರುವುದರಿಂದ ಈ ಕೊರತೆ ಅವರಿಗೆ ಕಾಣದು. ಸ್ಟೋರ್‌ನಿಂದಲೇ ಇಳಿಸಿ ನೋಡಿದರೆ ಗೊತ್ತಾಗುತ್ತದೆ. 2022ರ ಆಂಡ್ರಾಯ್ಡ್ 13ರಿಂದೀಚೆಗೆ, ಉಳಿದ ಫೋನೆಲ್ಲ ಇಂಗ್ಲಿಷಿನಲ್ಲಿದ್ದರೂ ಒಂದು ಆ್ಯಪನ್ನು ಮಾತ್ರ ಕನ್ನಡಕ್ಕೆ ಬದಲಿಸುವ ಸೌಲಭ್ಯ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಆ ಪಟ್ಟಿಯಲ್ಲಿ ಆ್ಯಪ್ ಕಾಣಬೇಕಾದರೆ ತಯಾರಕರು ತಮ್ಮ ಭಾಷೆಗಳನ್ನು ಘೋಷಿಸಿರಬೇಕು.

ಇನ್ನೊಂದು ಮಾತು. ಅಪ್‌ಡೇಟ್ ಎಲ್ಲರಿಗೂ ಒಂದೇ ದಿನ ಬರಬೇಕೆಂದಿಲ್ಲ. ಮೊದಲು ನೂರಕ್ಕೆ ಐದು ಜನರಿಗೆ ಬಿಟ್ಟು, ಕ್ರ್ಯಾಶ್ ವರದಿ ನೋಡಿ, ಆಮೇಲೆ ಉಳಿದವರಿಗೆ ಬಿಡುವ ಅವಕಾಶ ಪ್ಲೇ ಸ್ಟೋರ್‌ನಲ್ಲಿದೆ. ಪಕ್ಕದ ಅಂಗಡಿಯವರಿಗೆ ಕನ್ನಡ ಬಂದು ನಿಮಗೆ ಬಾರದಿದ್ದರೆ ಕೆಲವು ದಿನ ಕಾಯಿರಿ. ಆತುರದಿಂದ ಬೇರೆಲ್ಲಿಂದಲೋ ಆ್ಯಪ್ ಕಡತ ಇಳಿಸಿ ಹಾಕಿಕೊಳ್ಳಬೇಡಿ.

ಓದುವವರ ಪಾಲು

ಮುಂದಿನ ಸಲ ಒಂದು ಆ್ಯಪ್ ಅಪ್‌ಡೇಟ್ ಕೇಳಿದಾಗ ಆ ನಾಲ್ಕು ಸಾಲನ್ನು ಓದಿ. ಏನು ಹೊಸದು, ಅದು ಎಲ್ಲಿದೆ, ಯಾವ ತೊಂದರೆ ಹೋಯಿತು, ಏನು ಬಾಕಿ ಇದೆ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗಬೇಕು. ಸಿಗದಿದ್ದರೆ ಹಾಗೆಂದು ಬರೆದು ತಿಳಿಸಿ.

ಆ್ಯಪ್ ತಾನಾಗಿ ಮುಚ್ಚಿಹೋದರೆ ಯಾವ ಪರದೆಯಲ್ಲಿ ಏನು ಒತ್ತಿದಾಗ ಹಾಗಾಯಿತು, ಫೋನಿನ ಮಾದರಿ ಯಾವುದು, ಫೋನಿನ ಭಾಷೆ ಕನ್ನಡವೋ ಇಂಗ್ಲಿಷೋ ಎಂಬುದನ್ನು ಸೇರಿಸಿ ದೂರು ಕೊಡಿ. ಕೊನೆಯದನ್ನು ಬಿಡಲೇಬೇಡಿ. ಕನ್ನಡದವರ ತೊಂದರೆ ಸರಾಸರಿಯಲ್ಲಿ ಮುಳುಗದೆ ಮೇಲೆ ಬರುವುದು ಆ ಒಂದು ಮಾಹಿತಿಯಿಂದ. ಆಮೇಲೆ ಎರಡು ದಿನ ಕಾಯಿರಿ, ಅಪ್‌ಡೇಟ್ ಬಂದಿದೆಯೇ ನೋಡಿ. ಲೆಕ್ಕವೋ ಫೋಟೋವೋ ಒಳಗಿರುವ ಆ್ಯಪನ್ನು ಯಾರು ಹೇಳಿದರೂ, ಬ್ಯಾಕಪ್ ಇದೆಯೆಂದು ಖಚಿತವಾಗದೆ, ಅಳಿಸಬೇಡಿ.